ಹೇಳಿದ್ನಲ್ಲ ಅಕ್ಕಾ

ಜುಲೈ ತಿಂಗಳ ಒಂದು ಬುಧವಾರ ಬೆಳಿಗ್ಗೆ ಹತ್ತೂವರೆಗೆ ನಮ್ಮ ಆರ್ಡರ್ ಸಿಸ್ಟಂ ಅರ್ಧ ನಿಂತುಹೋಯಿತು. ಗ್ರಾಹಕರಿಗೆ ಹಳೆಯ ಆರ್ಡರ್‌ಗಳು ಕಾಣುತ್ತಿದ್ದವು, ಹೊಸದು ಕೊಡಲು ಮಾತ್ರ ಆಗುತ್ತಿರಲಿಲ್ಲ. ಬಟನ್ ಒತ್ತಿದರೆ ಚಕ್ರ ತಿರುಗುತ್ತಲೇ ಇರುತ್ತಿತ್ತು. 17 ನಿಮಿಷ ಹೀಗೇ ಆಯಿತು. ನನ್ನ ಪಕ್ಕದ ಸೀಟಿನಲ್ಲಿ ಕೂರುವ ಹಾಸನದ ಹುಡುಗಿ ಮೊದಲ ನಿಮಿಷದಲ್ಲೇ ಕಾರಣ ಹೇಳಿದಳು. ಹಿಂದಿನ ದಿನವೇ ಅವಳಿಗೆ ಅದು ಗೊತ್ತಿತ್ತು.

"ಇಷ್ಟ ಗೊತ್ತಿದ್ದ್ರ ನಿನ್ನೆನ ಯಾಕ ಹೇಳಲಿಲ್ಲ?" ಎಂದು ಕೇಳಿದೆ. ನಾನು ಧಾರವಾಡದವಳು, ಗಾಬರಿಯಾದಾಗ ಊರಿನ ಮಾತು ತಾನಾಗಿ ಬರುತ್ತದೆ.

"ಹೇಳಿದ್ನಲ್ಲ ಅಕ್ಕಾ," ಎಂದಳು.

ಹೇಳಿದ್ದಳು, ನಿಜ. ಆದರೆ ಅದನ್ನು ಓದಿದ ಮನುಷ್ಯ, ತನಗೆ ಯಾರೂ ಏನೂ ಹೇಳಲಿಲ್ಲ ಎಂದೇ ನಂಬಿದ್ದ. ಅವನೂ ಸುಳ್ಳಾಡುತ್ತಿರಲಿಲ್ಲ. ಇದು ಹೇಗೆ ಸಾಧ್ಯ ಎಂದು ನಾನು ಆಮೇಲೆ ಬಹಳ ದಿನ ಯೋಚಿಸಿದೆ.

ನಮ್ಮ ತಂಡ ಮೂರು ಊರುಗಳಲ್ಲಿ ಹಂಚಿಹೋಗಿದೆ. ಬೆಂಗಳೂರಿನಲ್ಲಿ ನಾವು ನಾಲ್ವರು, ಆಮ್ಸ್ಟರ್‌ಡ್ಯಾಮ್‌ನಲ್ಲಿ ಮೂವರು, ಸಿಯಾಟಲ್‌ನಲ್ಲಿ ಇಬ್ಬರು. ಬೇಸಿಗೆಯಲ್ಲಿ ಆಮ್ಸ್ಟರ್‌ಡ್ಯಾಮ್ ನಮಗಿಂತ ಮೂರೂವರೆ ಗಂಟೆ ಹಿಂದೆ, ಸಿಯಾಟಲ್ ಹನ್ನೆರಡೂವರೆ ಗಂಟೆ ಹಿಂದೆ. ಅವರು ಗಡಿಯಾರ ಬದಲಿಸಿದಾಗ ಚಳಿಗಾಲದಲ್ಲಿ ಎರಡೂ ಒಂದೊಂದು ಗಂಟೆ ಹೆಚ್ಚುತ್ತವೆ. ಆಮ್ಸ್ಟರ್‌ಡ್ಯಾಮ್‌ನವರ ಜೊತೆ ಮಧ್ಯಾಹ್ನದ ಊಟದ ಮೇಲೆ ಮಾತಾಡಬಹುದು. ಸಿಯಾಟಲ್‌ನವರ ಜೊತೆ ಆಫೀಸಿನ ವೇಳೆಯಲ್ಲಿ ಒಂದು ನಿಮಿಷವೂ ಸಿಗುವುದಿಲ್ಲ. ಅವರೊಂದಿಗಿನ ನಮ್ಮ ಸಂಬಂಧವೆಲ್ಲ ಬರಹದಲ್ಲೇ ನಡೆಯುತ್ತದೆ.

ಸಿಯಾಟಲ್‌ನ ಹಿರಿಯ ಎಂಜಿನಿಯರ್ ಒಬ್ಬರು ಆರ್ಡರ್ ಟೇಬಲ್‌ಗೆ ಒಂದು ಇಂಡೆಕ್ಸ್ ಸೇರಿಸುವ ಬದಲಾವಣೆ ಬರೆದಿದ್ದರು. ಇಂಡೆಕ್ಸ್ ಎಂದರೆ ಪುಸ್ತಕದ ಕೊನೆಯಲ್ಲಿರುವ ಪದಸೂಚಿ ಇದ್ದ ಹಾಗೆ, ಡೇಟಾಬೇಸ್‌ಗೆ ಬೇಕಾದ ಸಾಲನ್ನು ಬೇಗ ಹುಡುಕಿಕೊಡುತ್ತದೆ. ಅವರು ಬರೆದದ್ದು ಇಷ್ಟೇ:

```sql
CREATE INDEX idx_orders_customer ON orders (customer_id);
```

ನಾವು ಬಳಸುವ ಡೇಟಾಬೇಸ್ ಪೋಸ್ಟ್‌ಗ್ರೆಸ್. ಅದರಲ್ಲಿ ಈ ಸಾಲು ಓಡುವಷ್ಟು ಹೊತ್ತೂ ಆ ಟೇಬಲ್‌ಗೆ ಒಂದು ಬೀಗ ಬಿದ್ದಿರುತ್ತದೆ. ಓದಬಹುದು, ಆದರೆ ಬರೆಯುವ ಹಾಗಿಲ್ಲ. ಹೊಸ ಸಾಲು ಸೇರಿಸುವುದು, ತಿದ್ದುವುದು, ಅಳಿಸುವುದು ಎಲ್ಲವೂ ಇಂಡೆಕ್ಸ್ ಮುಗಿಯುವವರೆಗೆ ಸಾಲಿನಲ್ಲಿ ನಿಂತು ಕಾಯುತ್ತವೆ. ಸಣ್ಣ ಟೇಬಲ್ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮದರಲ್ಲಿ ಸುಮಾರು 9 ಕೋಟಿ ಸಾಲುಗಳಿದ್ದವು. ಇದಕ್ಕೆ ಪರಿಹಾರ ಒಂದೇ ಪದ:

```sql
CREATE INDEX CONCURRENTLY idx_orders_customer ON orders (customer_id);
```

ಹೀಗೆ ಬರೆದರೆ ಪೋಸ್ಟ್‌ಗ್ರೆಸ್ ಟೇಬಲ್ಲನ್ನು ಎರಡು ಸಲ ಓದುತ್ತದೆ, ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಆದರೆ ಬರೆಯುವವರನ್ನು ತಡೆಯುವುದಿಲ್ಲ.

ಹಾಸನದ ಹುಡುಗಿ ಮಂಗಳವಾರ ಬೆಳಿಗ್ಗೆ 11 ಗಂಟೆಗೆ ಇದನ್ನು ನೋಡಿದಳು, ತಪ್ಪನ್ನು ಕೂಡಲೇ ಹಿಡಿದಳು. ಕೆಲಸಕ್ಕೆ ಸೇರಿ ವರ್ಷವೂ ಆಗಿರದ ಹುಡುಗಿ. ಅವಳು ಇಂಗ್ಲಿಷಿನಲ್ಲಿ ಬರೆದ ಕಾಮೆಂಟಿನ ತಾತ್ಪರ್ಯ ಹೀಗಿತ್ತು: "ಸುಮ್ಮನೆ ಕೇಳುತ್ತಿದ್ದೇನೆ, ಇಲ್ಲಿ `CONCURRENTLY` ಬಳಸುವುದನ್ನು ಯೋಚಿಸಬಹುದೇ? ದೊಡ್ಡ ಟೇಬಲ್‌ಗಳಿಗೆ ಸ್ವಲ್ಪ ಉತ್ತಮ ಆಗಬಹುದೇನೋ." ನಾವು ಒಬ್ಬರ ಕೋಡನ್ನು ಇನ್ನೊಬ್ಬರು ನೋಡುವುದು ಗಿಟ್‌ಹಬ್ ಎಂಬ ತಾಣದಲ್ಲಿ, ಕಾಮೆಂಟ್ ಕಳಿಸುವಾಗ ಅದು ಮೂರು ಆಯ್ಕೆ ಕೊಡುತ್ತದೆ: `Comment`, `Approve`, `Request changes`. ಮೂರನೆಯದನ್ನು ಆರಿಸಿದರೆ, ನಮ್ಮ ಸೆಟ್ಟಿಂಗ್‌ನಲ್ಲಿ, ಅದನ್ನು ಹಾಕಿದವರು ಒಪ್ಪುವವರೆಗೆ ಬದಲಾವಣೆ ಒಳಗೆ ಹೋಗುವುದಿಲ್ಲ. ಅವಳು ಮೊದಲನೆಯದನ್ನು ಆರಿಸಿದ್ದಳು. ಆಮೇಲೆ ಕೇಳಿದಾಗ, "ಅವರ ಹೆಸರಿನ ಪಕ್ಕ ಕೆಂಪು ಗುರುತು ಬರುತ್ತಲ್ಲ ಅಕ್ಕಾ, ಕೈ ಬರಲಿಲ್ಲ," ಎಂದಳು.

ಆಗ ಸಿಯಾಟಲ್‌ನಲ್ಲಿ ಸೋಮವಾರ ರಾತ್ರಿ ಹತ್ತೂವರೆ. ಅವರು ಅದನ್ನು ಓದಿದ್ದು ತಮ್ಮ ಮಂಗಳವಾರ ಬೆಳಿಗ್ಗೆ ಎಂಟೂವರೆಗೆ, ಅಂದರೆ ನಮ್ಮ ರಾತ್ರಿ 9ಕ್ಕೆ. ಓದಿ, ಒಳ್ಳೆಯ ಯೋಚನೆ, ಮುಂದಿನ ಸಲ ನೋಡೋಣ ಎಂಬ ಅರ್ಥದ ಉತ್ತರ ಬರೆದು ಬದಲಾವಣೆಯನ್ನು ಒಳಗೆ ಸೇರಿಸಿದರು. ಗ್ರಾಹಕರು ಕಡಿಮೆ ಇರುವ ಹೊತ್ತಿನಲ್ಲಿ ಓಡಿಸಬೇಕೆಂದು ಕಾಳಜಿಯಿಂದಲೇ ರಾತ್ರಿ 10 ಗಂಟೆಯವರೆಗೆ ಕಾದರು. ಅವರ ರಾತ್ರಿ 10 ನಮ್ಮ ಬುಧವಾರ ಬೆಳಿಗ್ಗೆ ಹತ್ತೂವರೆ, ನಮ್ಮ ಕಡೆಯ ಗ್ರಾಹಕರು ತುಂಬಿರುವ ಹೊತ್ತು.

ಬೆಳಿಗ್ಗೆ ಅವರ ಉತ್ತರ ನೋಡಿದ ಹುಡುಗಿ, ದೊಡ್ಡವರು ಯೋಚಿಸಿ ಬೇಡವೆಂದಿದ್ದಾರೆ, ತನಗೆ ಗೊತ್ತಿಲ್ಲದ ಕಾರಣ ಏನೋ ಇರಬೇಕು ಎಂದುಕೊಂಡಳು. ಅವರೋ, ಕಿರಿಯಳೊಬ್ಬಳು ತೋಚಿದ್ದನ್ನು ಹಂಚಿಕೊಂಡಿದ್ದಾಳೆ, ಅಪಾಯವಿದ್ದರೆ ಹೇಳುತ್ತಿದ್ದಳು ಎಂದುಕೊಂಡಿದ್ದರು. ಕಡೆಗೆ, ಡೇಟಾಬೇಸ್‌ನಲ್ಲಿ ಆ ಹೊತ್ತಿಗೆ ಏನೇನು ಓಡುತ್ತಿದೆ ಎಂದು ತೋರಿಸುವ `pg_stat_activity` ತೆರೆದು ನೋಡಿದರೆ, ನೂರಾರು ಕ್ವೆರಿಗಳು ಒಂದೇ ಬೀಗಕ್ಕಾಗಿ ಕಾಯುತ್ತಿದ್ದವು. ಸಿಯಾಟಲ್‌ಗೆ ಫೋನ್ ಮಾಡಿ, ಒಪ್ಪಿಗೆ ಪಡೆದು, ಆ ಇಂಡೆಕ್ಸ್ ಕೆಲಸವನ್ನು ರದ್ದು ಮಾಡುವಷ್ಟರಲ್ಲಿ 17 ನಿಮಿಷ ಕಳೆದಿತ್ತು.

ಇಂಥ ಘಟನೆಯ ಮೇಲೆ ಸಾಮಾನ್ಯವಾಗಿ ಬರುವ ಮಾತು, "ಭಾರತದವರು ನೇರವಾಗಿ ಹೇಳುವುದಿಲ್ಲ" ಎಂಬುದು. ನನಗೆ ಈ ಮಾತು ಒಪ್ಪಿಗೆಯಿಲ್ಲ. ಇದೇ ಹುಡುಗಿ ನನ್ನ ಕೋಡ್ ನೋಡಿ ಕನ್ನಡದಲ್ಲಿ, "ಅಕ್ಕಾ, ಇದು ತಪ್ಪು, ಹಾಕ್ಬೇಡಿ," ಎಂದು ಎಷ್ಟೋ ಸಲ ಹೇಳಿದ್ದಾಳೆ. ಅದರಲ್ಲಿ ಅನುಮಾನವಿಲ್ಲ, "ಸ್ವಲ್ಪ" ಇಲ್ಲ, "ಇರಬಹುದೇನೋ" ಇಲ್ಲ. ಆದರೂ ನನಗೆ ಒಂದು ದಿನವೂ ಮರ್ಯಾದೆ ಕಡಿಮೆಯಾಯಿತು ಅನ್ನಿಸಿಲ್ಲ. ಯಾಕೆ?

ಮರ್ಯಾದೆ ಅವಳ ಕ್ರಿಯಾಪದದಲ್ಲೇ ಇತ್ತು. "ಹಾಕ್ಬೇಡ" ಅನ್ನಲಿಲ್ಲ, "ಹಾಕ್ಬೇಡಿ" ಅಂದಳು. ನಮ್ಮ ಭಾಷೆಯಲ್ಲಿ ಗೌರವ ಪದದ ಬಾಲದಲ್ಲಿ ಕೂತಿರುತ್ತದೆ. "ಕಳಿಸು" ಎನ್ನುವುದಕ್ಕೂ "ಕಳಿಸಿ" ಎನ್ನುವುದಕ್ಕೂ ನಡುವೆ ಇರುವುದು ಒಂದೇ ಸ್ವರ. ನಮ್ಮ ಕಡೆ ಅದು "ಕಳಸ್ರಿ" ಆಗುತ್ತದೆ. ಧಾರವಾಡದ ಮಾತು ಒರಟು ಎಂದು ಮೈಸೂರಿನ ಕಡೆಯವರು ಅಂದುಕೊಳ್ಳುವುದುಂಟು, ಆದರೆ ಆ "ರಿ" ಎಷ್ಟು ಕೆಲಸ ಮಾಡುತ್ತದೆಂದು ಅಲ್ಲಿ ಬೆಳೆದವರಿಗೆ ಗೊತ್ತು. "ತಪ್ಪೈತ್ರಿ, ನಿಲ್ಲಸ್ರಿ" ಎಂದರೆ ವಿಷಯ ಪೂರ್ತಿ ಗಟ್ಟಿಯಾಗಿದೆ, ಗೌರವವೂ ಪೂರ್ತಿ ಇದೆ. ಒಂದು ಇನ್ನೊಂದರ ಪಾಲನ್ನು ಕಿತ್ತುಕೊಳ್ಳುವುದಿಲ್ಲ.

ಇಂಗ್ಲಿಷಿಗೆ ದಾಟುವಾಗ ಈ ಬಾಲ ಕಳಚಿ ಬೀಳುತ್ತದೆ. "ಸೆಂಡ್ ದ ಫೈಲ್" ಎಂಬುದು "ಕಳಿಸು"ವೂ ಹೌದು, "ಕಳಿಸಿ"ಯೂ ಹೌದು. ನಮ್ಮ ಕಿವಿಗೆ ಅದು "ಕಳಿಸು" ಎಂದೇ ಕೇಳುತ್ತದೆ, ಹಿರಿಯರಿಗೆ ಏಕವಚನ ಬಳಸಿದ ಹಾಗೆ ಮೈ ಜುಮ್ಮೆನ್ನುತ್ತದೆ. ಆ ಖಾಲಿ ಜಾಗ ತುಂಬಲು ಸಿಕ್ಕಿದ್ದನ್ನೆಲ್ಲ ಹಾಕುತ್ತೇವೆ. ಹಳಬರು "ಕೈಂಡ್ಲಿ" ಹಾಕುತ್ತಿದ್ದರು. ಈಗಿನವರು "ಜಸ್ಟ್", "ಮೇ ಬಿ", "ಮೈಟ್", "ಸ್ಲೈಟ್ಲಿ" ಹಾಕುತ್ತಾರೆ. ತೊಂದರೆ ಇಲ್ಲೇ ಶುರುವಾಗುವುದು. "ರಿ" ಕೇಳುವವರನ್ನು ಎತ್ತರಿಸುತ್ತದೆ, ಹೇಳುವ ವಿಷಯವನ್ನು ಮುಟ್ಟುವುದಿಲ್ಲ. "ಮೈಟ್" ಮತ್ತು "ಸ್ಲೈಟ್ಲಿ" ಹಾಗಲ್ಲ, ಅವು ವಿಷಯವನ್ನೇ ತೆಳ್ಳಗೆ ಮಾಡುತ್ತವೆ. ಹುಡುಗಿ ಸೇರಿಸಲು ಹೊರಟದ್ದು ಮರ್ಯಾದೆ. ಓದಿದವರಿಗೆ ತಲುಪಿದ್ದು ಅನಿಶ್ಚಿತತೆ.

"ಡೌಟ್" ಎಂಬ ಪದವೂ ಹೀಗೇ. ಶಾಲೆಯಿಂದಲೂ ನಮಗೆ ಡೌಟ್ ಎಂದರೆ ಅರ್ಥವಾಗದ್ದನ್ನು ಕೇಳುವುದು. "ನಿಮ್ಮ ಡಿಸೈನ್ ಬಗ್ಗೆ ಒಂದು ಡೌಟ್ ಇದೆ" ಎಂದು ಇಂಗ್ಲಿಷಿನಲ್ಲಿ ಬರೆದರೆ ಅಲ್ಲಿನವರಿಗೆ ಅದು ನಿಮ್ಮ ಡಿಸೈನಿನ ಮೇಲೆ ನನಗೆ ನಂಬಿಕೆಯಿಲ್ಲ ಎಂಬಂತೆ ಕೇಳುತ್ತದೆ. ಮೆತ್ತಗೆ ಹೇಳಬೇಕೆಂದು ಹೊರಟಲ್ಲಿ ಗಡುಸಾಗುತ್ತೇವೆ, ಗಡುಸಾಗಬೇಕಾದಲ್ಲಿ ಮೆತ್ತಗಾಗುತ್ತೇವೆ.

ನಯದ ಮಾತಿನ ಬಗ್ಗೆ ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಎಂಬ ವಿದ್ವಾಂಸರು 1978ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. ಅವರು ಹೋಲಿಸಿದ ಮೂರು ಭಾಷೆಗಳಲ್ಲಿ ಒಂದು ಇಂಗ್ಲಿಷ್, ಒಂದು ಮೆಕ್ಸಿಕೊದ ತ್ಸೆಲ್ತಾಲ್, ಇನ್ನೊಂದು ನಮ್ಮ ನೆರೆಯ ತಮಿಳು. ಅವರ ಒಂದು ಮಾತು ನನಗೆ ಬಹಳ ಉಪಯೋಗಕ್ಕೆ ಬಂದಿದೆ: ಅಪಾಯ ಎದುರಿಗಿದ್ದಾಗ ಯಾವ ಭಾಷೆಯವರೂ ನಯದ ಹೊದಿಕೆ ಹೊದಿಸುವುದಿಲ್ಲ. ಕಾಲ ಬಳಿ ಹಾವು ಇದ್ದರೆ ಅತ್ತೆಗಾದರೂ "ಹಾವು! ಸರಿ ಆಚೆ!" ಎಂದೇ ಕೂಗುತ್ತೇವೆ. ಆಗ ಯಾರಿಗೂ ಬೇಸರವಾಗುವುದಿಲ್ಲ, ಹಾವು ಇಬ್ಬರಿಗೂ ಕಾಣುತ್ತಿರುತ್ತದೆ. ಬರಹದ ಕಾಮೆಂಟಿನಲ್ಲಿ ಹಾವು ಒಬ್ಬರಿಗೆ ಮಾತ್ರ ಕಾಣುತ್ತದೆ. ಹುಡುಗಿಗೆ ಕಂಡದ್ದು 9 ಕೋಟಿ ಸಾಲುಗಳ ಮೇಲೆ ಬೀಳಲಿರುವ ಬೀಗ. ಅವಳ ವಾಕ್ಯದಲ್ಲಿ 9 ಕೋಟಿ ಇರಲಿಲ್ಲ, ಬೀಗ ಇರಲಿಲ್ಲ, ಆರ್ಡರ್ ನಿಲ್ಲುತ್ತದೆ ಎಂಬುದೂ ಇರಲಿಲ್ಲ.

ಇದನ್ನೆಲ್ಲ ಪೂರ್ತಿ ಭಾಷೆಯ ತಲೆಗೆ ಕಟ್ಟುವುದೂ ಸರಿಯಲ್ಲ. 1982ರ ಜನವರಿ 13ರಂದು ವಾಷಿಂಗ್ಟನ್‌ನಲ್ಲಿ ಏರ್ ಫ್ಲೋರಿಡಾ 90 ಎಂಬ ವಿಮಾನ ಹಿಮ ಬೀಳುತ್ತಿದ್ದಾಗ ಮೇಲೇರಿ, ಕೂಡಲೇ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. 78 ಜನ ಸತ್ತರು. ಎಂಜಿನ್ನಿನ ಶಕ್ತಿ ತೋರಿಸುವ ಮಾಪಕ ಮಂಜುಗಟ್ಟಿದ್ದರಿಂದ ಇರುವುದಕ್ಕಿಂತ ಹೆಚ್ಚು ತೋರಿಸುತ್ತಿತ್ತು. ರನ್‌ವೇ ಮೇಲೆ ಓಡುತ್ತಿರುವಾಗಲೇ ಸಹಪೈಲಟ್‌ಗೆ ಅನುಮಾನ ಬಂದಿತ್ತು. ಇದು ಸರಿ ಕಾಣುತ್ತಿಲ್ಲ ಅಲ್ಲವೇ ಎಂದರು, ಕ್ಯಾಪ್ಟನ್ ಸರಿಯಿದೆ ಎಂದಾಗ ಇಲ್ಲವೆಂದರು, ಮರುಗಳಿಗೆ ಇರಬಹುದೇನೋ ಎಂದು ಹಿಂದೆ ಸರಿದರು. "ನಿಲ್ಲಿಸಿ" ಎನ್ನಲಿಲ್ಲ. ಇಬ್ಬರೂ ಅಮೆರಿಕದವರೇ, ಇಬ್ಬರದೂ ಒಂದೇ ಭಾಷೆ, ಒಂದೇ ಕಾಕ್‌ಪಿಟ್. ಮೇಲು ಕೆಳಗು ಎಂಬುದು ಇದ್ದಲ್ಲೆಲ್ಲ ಕೆಳಗಿನವರ ಮಾತು ಮೆತ್ತಗಾಗುತ್ತದೆ. ನಮ್ಮಲ್ಲಿ ಅದರ ಮೇಲೆ ಭಾಷೆ ಬದಲಾಗುತ್ತದೆ, ಹನ್ನೆರಡೂವರೆ ಗಂಟೆಯೂ ಸೇರುತ್ತದೆ.

ಆ ವಾರವೇ ನನಗೂ ಇದರ ಇನ್ನೊಂದು ಮುಖ ಗೊತ್ತಾಯಿತು. ಇಂಡೆಕ್ಸನ್ನು ಸರಿಯಾಗಿ ಮಾಡುವ ಕೆಲಸ ನನಗೆ ಬಂತು. `CONCURRENTLY` ಸೇರಿಸಿ ಕಳಿಸಿದೆ. ರಾತ್ರಿ ಒಂಬತ್ತೂಕಾಲಿಗೆ ಆಮ್ಸ್ಟರ್‌ಡ್ಯಾಮ್‌ನ ಸಹೋದ್ಯೋಗಿ ಮನೆಗೆ ಹೊರಡುವ ಮೊದಲು ಎರಡು ವಾಕ್ಯ ಬರೆದರು. ಇದು ಕೆಲಸ ಮಾಡುವುದಿಲ್ಲ. ಟೆಸ್ಟ್ ಮಾಡಿದ್ದೀರಾ? ಅಷ್ಟೇ. ಊಟ ಮಾಡುತ್ತಾ ಫೋನಿನಲ್ಲಿ ಅದನ್ನು ಓದಿದೆ. ಆಮೇಲೆ ಊಟ ರುಚಿಸಲಿಲ್ಲ. ಹದಿನಾಲ್ಕು ವರ್ಷ ಕೆಲಸ ಮಾಡಿದವಳಿಗೆ ಟೆಸ್ಟ್ ಮಾಡಿದ್ದೀಯಾ ಎಂದು ಕೇಳುವುದೇ? ಮಾರನೆಯ ಮಧ್ಯಾಹ್ನ ಹನ್ನೆರಡೂವರೆಗೆ ಅವರ ಆಫೀಸು ತೆರೆಯುವವರೆಗೆ ಹದಿನೈದು ಗಂಟೆ ಆ ಪ್ರಶ್ನೆ ನನ್ನೊಳಗೆ ಬೆಳೆಯಿತು. ಎದುರಿಗೆ ಕೂತಿದ್ದರೆ ಅವರ ಮುಖ ನೋಡಿ ಎರಡು ಸೆಕೆಂಡಿನಲ್ಲಿ ಮುಗಿಯುತ್ತಿದ್ದ ವಿಷಯ.

ಕಾಲ್‌ನಲ್ಲಿ ಕೇಳಿಯೇ ಬಿಟ್ಟೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಅವರದು ಪ್ರಶ್ನೆಯೇ ಆಗಿತ್ತು, ಉತ್ತರದ ಮೇಲೆ ಮುಂದಿನ ಹೆಜ್ಜೆ ನಿಂತಿತ್ತು. ಪೋಸ್ಟ್‌ಗ್ರೆಸ್ `CONCURRENTLY` ಅನ್ನು ಟ್ರಾನ್ಸಾಕ್ಷನ್ ಒಳಗೆ, ಅಂದರೆ ಆದರೆ ಎಲ್ಲವೂ ಆಗಬೇಕು ಇಲ್ಲವೇ ಏನೂ ಆಗಬಾರದು ಎಂದು ಕಟ್ಟಿದ ಗಂಟಿನೊಳಗೆ, ಓಡಿಸಲು ಬಿಡುವುದಿಲ್ಲ. ಡೇಟಾಬೇಸ್ ಬದಲಾವಣೆಗಳನ್ನು ಓಡಿಸುವ ನಮ್ಮ ಮೈಗ್ರೇಶನ್ ಉಪಕರಣ ಪ್ರತಿ ಬದಲಾವಣೆಯನ್ನೂ ತಾನಾಗಿ ಟ್ರಾನ್ಸಾಕ್ಷನ್ನಿನಲ್ಲಿ ಸುತ್ತುತ್ತದೆ. ನಾನು ಟೆಸ್ಟ್ ಮಾಡಿದ್ದು ಕೈಯಾರೆ, ಉಪಕರಣದ ಹೊರಗೆ. ಹಾಗಾಗಿ ನನಗೆ ಎಲ್ಲ ಸರಿಯಾಗಿಯೇ ಕಂಡಿತ್ತು. ಟೆಸ್ಟ್ ಮಾಡಿದ್ದೇನೆ ಎಂದಿದ್ದರೆ ಇಬ್ಬರ ಪರಿಸರಕ್ಕೂ ವ್ಯತ್ಯಾಸ ಎಲ್ಲಿದೆ ಎಂದು ಹುಡುಕಬೇಕೆಂದಿದ್ದರು, ಇಲ್ಲ ಎಂದಿದ್ದರೆ ಟ್ರಾನ್ಸಾಕ್ಷನ್ ವಿಷಯ ವಿವರಿಸಬೇಕೆಂದಿದ್ದರು. "ನಿಮ್ಮ ಸಾಮರ್ಥ್ಯದ ಬಗ್ಗೆ ಸಂಶಯ ಇದ್ದಿದ್ದರೆ ನಾನು ಕೇಳುತ್ತಲೇ ಇರಲಿಲ್ಲ, ನಾನೇ ಬರೆದುಬಿಡುತ್ತಿದ್ದೆ," ಎಂದರು. ನೇರವಾಗಿ ಬರೆಯುವುದು ಅವರ ಪಾಲಿಗೆ ಎದುರಿನವರನ್ನು ಸರಿಸಮಾನರೆಂದು ಕಾಣುವ ರೀತಿ.

ನನ್ನ ಮಾತು ಮುಗಿದ ಮೇಲೆ ಅವರು ತಮ್ಮ ನೋವನ್ನೂ ಹೇಳಿದರು. ಬೆಂಗಳೂರಿನವರು ಕಾಲ್‌ನಲ್ಲಿ ಎಲ್ಲದಕ್ಕೂ ಹೌದು ಎನ್ನುತ್ತಾರೆ, ಗುರುವಾರಕ್ಕೆ ಆಗುತ್ತದಾ ಎಂದರೆ ಹೌದು ಎನ್ನುತ್ತಾರೆ, ಗುರುವಾರ ಕೇಳಿದರೆ ಇನ್ನೂ ಶುರುವಾಗಿರುವುದಿಲ್ಲ, ತನಗೆ ಮೋಸವಾದ ಹಾಗೆ ಅನ್ನಿಸುತ್ತದೆ ಎಂದರು. ಆ ಪದ ಕೇಳಿ ನನಗೆ ಸಂಕಟವಾಯಿತು. ಚಿಕ್ಕವರಿದ್ದಾಗ ಅಜ್ಜಿ ಕತೆ ಹೇಳುವಾಗ ನಾವು "ಹೂಂ" ಅನ್ನುತ್ತಲೇ ಇರಬೇಕಿತ್ತು. ಹೂಂಗುಟ್ಟುವುದು ನಿಂತರೆ ಅಜ್ಜಿ ಕತೆ ನಿಲ್ಲಿಸುತ್ತಿದ್ದಳು. ಆ ಹೂಂ ಕತೆಗೆ ಕೊಟ್ಟ ಒಪ್ಪಿಗೆಯಲ್ಲ, ಕೇಳುತ್ತಿದ್ದೇನೆ ಎನ್ನುವ ಗುರುತು. ಅದೇ ಹೂಂ ಕಾಲ್‌ನಲ್ಲಿ "ಯೆಸ್, ಯೆಸ್" ಆಗಿ ಹೊರಬರುತ್ತದೆ, ಅಲ್ಲಿ ಕೂತವರು ಅದನ್ನು ಕ್ಯಾಲೆಂಡರಿನಲ್ಲಿ ಬರೆದುಕೊಳ್ಳುತ್ತಾರೆ. ನಾನು ಇದನ್ನು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಆಗುವುದಿಲ್ಲ ಎಂಬುದನ್ನು ನೀವು ಹೇಗೆ ಹೇಳುತ್ತೀರಿ ಎಂದು ಕೇಳಿದರು. "ನೋಡೋಣ" ಎನ್ನುತ್ತೇವೆ ಎಂದೆ.

ಆಮೇಲೆ ನಾವು ಮಾಡಿಕೊಂಡ ಏರ್ಪಾಡು ಸಣ್ಣದು. ಪ್ರತಿ ಕಾಮೆಂಟಿನ ಮೊದಲು ಒಂದು ಪದ ಹಾಕಬೇಕು: `blocking:`, `question:` ಅಥವಾ `nit:`. ಮೊದಲನೆಯದು ಇದ್ದರೆ ಬದಲಾವಣೆ ನಿಲ್ಲಲೇಬೇಕು. ಎರಡನೆಯದು ಬರೀ ಪ್ರಶ್ನೆ, ಒಳಗೆ ಆರೋಪವಿಲ್ಲ. ಮೂರನೆಯದು ಸಣ್ಣ ವಿಷಯ, ಬಿಟ್ಟರೂ ನಡೆಯುತ್ತದೆ. `blocking:` ಹಾಕಿದರೆ ಜೊತೆಗೆ ಏನಾಗುತ್ತದೆ, ಯಾರಿಗೆ, ಎಷ್ಟು ಹೊತ್ತು ಎಂದು ಬರೆಯಬೇಕು. ಈ ಪದಗಳಿಂದ ಆದ ದೊಡ್ಡ ಉಪಕಾರವೆಂದರೆ ಕಳಚಿಬಿದ್ದ ಬಾಲದ ಕೆಲಸ ಸ್ವಲ್ಪ ಹಗುರವಾಯಿತು. ವಿಷಯದ ತೂಕ ಮುಂದಿನ ಪದದಲ್ಲಿ ಇರುವುದರಿಂದ ಹಿಂದಿನ ವಾಕ್ಯವನ್ನು ಎಷ್ಟು ಬೇಕಾದರೂ ಮೃದುವಾಗಿ ಬರೆಯಬಹುದು. ದಿನಾಂಕದ ವಿಷಯಕ್ಕೆ, ಹೌದು ಎನ್ನುವ ಬದಲು ಏನು ಯಾವಾಗ ಮುಗಿಯುತ್ತದೆ, ಏನು ಅಡ್ಡ ಬರಬಹುದು ಎಂದು ಕಾಲ್ ಮುಗಿದ ಮೇಲೆ ನಾವೇ ಎರಡು ಸಾಲು ಬರೆದು ಕಳಿಸುತ್ತೇವೆ. ಬರೆಯಲು ಕೂತಾಗ "ನೋಡೋಣ" ತಾನೇ ಕರಗುತ್ತದೆ.

ಇದರಿಂದ ಎಲ್ಲ ಸರಿಹೋಯಿತೆಂದಲ್ಲ. ಮೂರು ತಿಂಗಳ ನಂತರ ಹಳೆಯ ರಿವ್ಯೂಗಳನ್ನು ನಾನು ಕೂತು ಓದಿದೆ. ನಮ್ಮ ಕಿರಿಯರು ನಿಲ್ಲಿಸಬೇಕಾದ ತಪ್ಪುಗಳಿಗೂ `question:` ಎಂದು ಬರೆದಿದ್ದರು. ಪತ್ತೆ ಹಚ್ಚುವುದು ಸುಲಭ: ಪ್ರಶ್ನೆ ಕೇಳಿದವರಿಗೆ ಉತ್ತರ ಮೊದಲೇ ಗೊತ್ತಿದ್ದರೆ ಅದು ಪ್ರಶ್ನೆಯಲ್ಲ. ಹಾಗಿದ್ದದ್ದನ್ನು ಒಂದೊಂದಾಗಿ ತೋರಿಸಿ, "ಇದು ಓಡಿದ್ದರೆ ಏನಾಗ್ತಿತ್ತು, ಹೇಳು?" ಎಂದು ಕೇಳುತ್ತಾ ಹೋದೆ. ಹೆದರಿಕೆ ಇರುವವರೆಗೆ ಅವರು ಯಾವ ಪದ ಕೊಟ್ಟರೂ ಅದರಲ್ಲಿ ಮೆತ್ತಗಿನದನ್ನೇ ಆರಿಸಿಕೊಳ್ಳುತ್ತಾರೆ. ಹೆದರಿಕೆ ಹೋಗಬೇಕಾದರೆ ಮೇಲಿನವರು ಏನಾದರೂ ಮಾಡಬೇಕು. ಸಿಯಾಟಲ್‌ನ ಹಿರಿಯರು ಮಾಡಿದರು. 17 ನಿಮಿಷದ ಘಟನೆಯ ವರದಿಯಲ್ಲಿ ತಮ್ಮ ಹೆಸರಿನಲ್ಲೇ, ಈ ತಪ್ಪನ್ನು ಹಿಂದಿನ ದಿನ ಸಹೋದ್ಯೋಗಿಯೊಬ್ಬಳು ಸರಿಯಾಗಿ ಗುರುತಿಸಿದ್ದಳು, ಯಾಕೆ ಕೇಳುತ್ತಿದ್ದೀಯಾ ಎಂದು ನಾನು ಅವಳನ್ನು ಕೇಳಲಿಲ್ಲ ಎಂದು ಬರೆದರು. ಹುಡುಗಿ ಅದನ್ನು ನನ್ನ ಸೀಟಿನ ಬಳಿ ತಂದು ತೋರಿಸಿದಳು, ಏನೂ ಮಾತಾಡಲಿಲ್ಲ.

ಕಳೆದ ತಿಂಗಳು ಅದೇ ಟೇಬಲ್‌ನ ಒಂದು ಕಾಲಂನ ಟೈಪ್ ಬದಲಿಸಲು ಸಿಯಾಟಲ್‌ನಿಂದ ಇನ್ನೊಂದು ಬದಲಾವಣೆ ಬಂತು. ಟೈಪ್ ಬದಲಾದರೆ ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಇಡೀ ಟೇಬಲ್ಲನ್ನು ಹೊಸದಾಗಿ ಬರೆಯುತ್ತದೆ, ಆಗ ಓದುವುದೂ ನಿಲ್ಲುತ್ತದೆ. ಹುಡುಗಿ ಬೆಳಿಗ್ಗೆ ನೋಡಿ, ಕಾಫಿಗೆ ಹೋಗಿ ಬಂದು, ಕೂತು ಬರೆದಳು. ಮೊದಲ ಪದ `blocking:`. ಇದು ಓಡಿದರೆ 9 ಕೋಟಿಗೂ ಹೆಚ್ಚು ಸಾಲುಗಳ ಟೇಬಲ್ ಕೆಲಸ ಮುಗಿಯುವವರೆಗೆ ಪೂರ್ತಿ ಮುಚ್ಚಿಹೋಗುತ್ತದೆ, ಆರ್ಡರ್ ಕೊಡಲೂ ಆಗದು, ನೋಡಲೂ ಆಗದು. ಹೊಸ ಕಾಲಂ ಸೇರಿಸಿ, ಸ್ವಲ್ಪ ಸ್ವಲ್ಪವಾಗಿ ತುಂಬಿಸಿ, ಆಮೇಲೆ ಬದಲಿಸೋಣ. ಕೊನೆಯಲ್ಲಿ "ಪ್ಲೀಸ್" ಇತ್ತು, "ಥ್ಯಾಂಕ್ ಯೂ ಸೋ ಮಚ್" ಕೂಡ ಇತ್ತು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾ, `Request changes` ಒತ್ಲಾ?" ಎಂದಳು.

"ಒತ್ತ," ಎಂದೆ.

ಒತ್ತಿದಳು. ರಾತ್ರಿ ಒಂಬತ್ತೂವರೆಗೆ ಸಿಯಾಟಲ್‌ನಿಂದ ಉತ್ತರ ಬಂತು. ಅದಕ್ಕೂ ಮೊದಲು ಅವಳು ಎಷ್ಟು ಸಲ ಫೋನ್ ತೆರೆದು ನೋಡಿದ್ದಳೋ, ನನಗೆ ಒಂಬತ್ತು ಮೂವತ್ತೆರಡಕ್ಕೆ ಮೆಸೇಜ್ ಬಂತು: "ಹೊಸ ಕಾಲಂ ಮಾಡ್ತಾರಂತೆ ಅಕ್ಕಾ. ಬೇಜಾರಾಗಿಲ್ಲ ಅನ್ಸುತ್ತೆ ಅಲ್ವಾ?"